ನಡಾವಳಿಯ ವಾಕ್ಯದಲ್ಲಿ ಕರ್ತೃ ಎಲ್ಲಿ?



ಕರ್ಮಣಿ ಪ್ರಯೋಗವನ್ನು ನೀವು ವ್ಯಾಕರಣದ ಪಾಠದಲ್ಲಿ ಓದಿದ್ದೀರಿ. ಅದು ಅತಿ ಹೆಚ್ಚಾಗಿ ಬಾಳುವ ಸ್ಥಳವೆಂದರೆ ಸಭೆಯ ನಡಾವಳಿ ಪುಸ್ತಕ. ‘ಕರಪತ್ರಗಳನ್ನು ಹಂಚಲಾಗುವುದು’, ‘ಅತಿಥಿಗಳನ್ನು ಆಹ್ವಾನಿಸಲಾಗುವುದು’ ಎಂದು ಅಲ್ಲಿ ಬರೆದಿರುತ್ತದೆ. ಹಂಚುವವರು ಯಾರು, ಆಹ್ವಾನಿಸುವವರು ಯಾರು ಎಂಬುದು ವಾಕ್ಯದಲ್ಲಿ ಇಲ್ಲ. ನಮ್ಮ ಗಡಿಭಾಗದಲ್ಲಿ ಈ ರೂಢಿಗೆ ಇಮ್ಮಡಿ ಬಲವಿದೆ. ಮರಾಠಿ ಕಚೇರಿಭಾಷೆಯ ‘ಕರಣ್ಯಾತ ಯೇಈಲ’ ಎಂಬುದೂ ಇದೇ ಬಗೆಯದು. ನಾವು ಇತಿವೃತ್ತವೆಂದು ಬರೆದರೂ ನಡಾವಳಿಯೆಂದು ಬರೆದರೂ ಕರ್ತೃ ಮಾತ್ರ ಮರೆಯಲ್ಲೇ ಉಳಿಯುತ್ತಾನೆ. ವ್ಯಾಕರಣದ ದೃಷ್ಟಿಯಿಂದ ಇದು ದೋಷವಲ್ಲ. ಆದರೆ ಕೆಲಸದ ದೃಷ್ಟಿಯಿಂದ ನೋಡಿದರೆ ಒಂದು ವಾರದ ಬಳಿಕ ಆ ವಾಕ್ಯವನ್ನು ತೋರಿಸಿ ಯಾರನ್ನೂ ಕೇಳುವಂತಿಲ್ಲ.

ಆದುದರಿಂದ ಸಭೆ ನಡೆಸುವುದನ್ನು ಕಲಿಯಲು ನಾನು ಕೊನೆಯ ತುದಿಯಿಂದ ಆರಂಭಿಸುತ್ತೇನೆ: ಸಭೆ ಮುಗಿದಾಗ ಯಾವ ವಾಕ್ಯಗಳು ಕೈಯಲ್ಲಿರಬೇಕು? ನಿರ್ಣಯದ ವಾಕ್ಯದಲ್ಲಿ ಕರ್ತೃ, ಕೆಲಸ, ಗಡುವು ಈ ಮೂರೂ ಇರಬೇಕು, ಕರ್ತೃ ಏಕವಚನದಲ್ಲಿರಬೇಕು. ‘ಎಲ್ಲರೂ ಸೇರಿ’ ಎಂಬುದು ಕರ್ತೃವಲ್ಲ. ಇಬ್ಬರು ಸೇರಿ ಮಾಡುವ ಕೆಲಸವಾದರೂ ಉತ್ತರ ಹೇಳಬೇಕಾದ ಒಬ್ಬರ ಹೆಸರನ್ನೇ ಮೊದಲು ಬರೆಯಬೇಕು. ‘ಬೇಗನೆ’, ‘ಶೀಘ್ರದಲ್ಲಿ’ ಎಂಬ ಪದಗಳೂ ಗಡುವಲ್ಲ. ತಾರೀಖು ಮಾತ್ರ ಗಡುವು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನವೆಂಬರ್ 1ರ ರಾಜ್ಯೋತ್ಸವಕ್ಕೆ ವಿಭಾಗದ ಭಿತ್ತಿಪತ್ರಿಕೆ ಹೊರಬರಬೇಕು. ಸಮಿತಿಯಲ್ಲಿ ಆರು ಜನರಿದ್ದಾರೆ. ಅಕ್ಟೋಬರ್ 8ರಂದು ಊಟದ ಬಿಡುವಿನಲ್ಲಿ 30 ನಿಮಿಷ ಸಿಗುತ್ತದೆ. ಸಭೆ ನಡೆಸುವಾಕೆ ಕಾರ್ಯದರ್ಶಿ.

ಆಕೆ ಹಿಂದಿನ ದಿನವೇ ಕಾರ್ಯಸೂಚಿಯನ್ನು ಎಲ್ಲರಿಗೂ ಕಳುಹಿಸುತ್ತಾಳೆ. ‘ಭಿತ್ತಿಪತ್ರಿಕೆ ಕುರಿತು ಚರ್ಚೆ’ ಎಂದು ಬರೆದರೆ ಚರ್ಚೆಯೇ ನಡೆಯುತ್ತದೆ, ನಿರ್ಣಯ ಬರುವುದಿಲ್ಲ. ಆಕೆ ಪ್ರತಿ ವಿಷಯವನ್ನೂ ಪ್ರಶ್ನೆಯಾಗಿ ಬರೆಯುತ್ತಾಳೆ, ಪಕ್ಕದಲ್ಲಿ ನಿಮಿಷ ನಮೂದಿಸುತ್ತಾಳೆ. ಹಿಂದಿನ ಸಭೆಯ ಕೆಲಸಗಳಲ್ಲಿ ಯಾವುದು ಬಾಕಿ? 5 ನಿಮಿಷ. ಬಂದಿರುವ 14 ಬರಹಗಳಲ್ಲಿ ಎಷ್ಟನ್ನು, ಯಾವ ಆಧಾರದ ಮೇಲೆ ಆರಿಸಬೇಕು? 12 ನಿಮಿಷ. ಹಾಳೆ, ಬಣ್ಣಗಳನ್ನು ಯಾರು ತರಬೇಕು? 5 ನಿಮಿಷ. ಬರೆದುಕೊಂಡ ನಿರ್ಣಯಗಳನ್ನು ಓದಿ ಹೇಳಲು 3 ನಿಮಿಷ. ಒಟ್ಟು 25. ಉಳಿದ 5 ನಿಮಿಷವನ್ನು ಹಂಚದೆ ಬಿಟ್ಟಿದ್ದಾಳೆ, ಏಕೆಂದರೆ ಒಂದು ವಿಷಯವಾದರೂ ತನ್ನ ಗೆರೆಯನ್ನು ದಾಟಿಯೇ ದಾಟುತ್ತದೆ. ಬರೆದುಕೊಳ್ಳುವ ಹೊಣೆಯನ್ನು ಇನ್ನೊಬ್ಬನಿಗೆ ವಹಿಸಿದ್ದಾಳೆ. ಮಾತನ್ನು ನಡೆಸುವವರೇ ಬರೆಯಲು ಕುಳಿತರೆ ಎರಡೂ ಕೆಡುತ್ತವೆ.

ಹಲಗೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಮೇಲೆ ಶೀರ್ಷಿಕೆಗೆ ಜಾಗ ಬಿಟ್ಟರೆ ಎ4 ಅಳತೆಯ ಹಾಳೆಗಳು ಅಡ್ಡಲಾಗಿ ಏಳು, ಉದ್ದಕ್ಕೆ ಮೂರು, ಒಟ್ಟು 21 ಹಿಡಿಯುತ್ತವೆ. ಸಂಪಾದಕೀಯಕ್ಕೆ ಒಂದು ಹೋದರೆ 20. ಬರಹಕ್ಕೆ ಎರಡು ಹಾಳೆಯಂತೆ ಹತ್ತು ಬರಹಗಳು. ಈ ಲೆಕ್ಕವನ್ನು ಆಕೆ ಮೊದಲೇ ಮಾಡಿ ತಂದಿದ್ದಾಳೆ. ತಂದಿರದಿದ್ದರೆ ‘ಎಷ್ಟು ಹಿಡಿದೀತು’ ಎಂಬ ಊಹೆಯಲ್ಲೇ ಹತ್ತು ನಿಮಿಷ ಕಳೆಯುತ್ತಿತ್ತು. ಅಳೆದು ತಿಳಿಯಬಹುದಾದುದನ್ನು ಸಭೆಯಲ್ಲಿ ವಾದಿಸಬಾರದು.

ಇಷ್ಟಾದರೂ ಎರಡನೆಯ ವಿಷಯ ಬಿಸಿಯೇರುತ್ತದೆ. ಹದಿನಾಲ್ಕರಲ್ಲಿ ಎರಡು, ಮರಾಠಿ ವಿಭಾಗದ ಗೆಳೆಯರ ಕವಿತೆಗಳ ಅನುವಾದ. ‘ವರ್ಷಕ್ಕೊಮ್ಮೆ ಸಿಗುವ ಕನ್ನಡದ ಹಲಗೆ, ಇಲ್ಲಿಯೂ ನಮ್ಮವರ ನಾಲ್ಕು ಬರಹ ಬಿಟ್ಟು ಅವರದನ್ನು ಹಾಕುವುದೇ?’ ಎಂದು ಒಬ್ಬ ಕೇಳುತ್ತಾನೆ. ‘ಅನುವಾದ ಮಾಡಿದವರು ನಮ್ಮವರಲ್ಲವೇ, ಅದು ಕನ್ನಡವಲ್ಲವೇ?’ ಎನ್ನುತ್ತಾಳೆ ಇನ್ನೊಬ್ಬಳು. ಇದು ಹುಸಿ ಜಗಳವಲ್ಲ. ನಮ್ಮಂಥ ಊರಿನಲ್ಲಿ ಇದಕ್ಕೆ ಎರಡು ಪ್ರಾಮಾಣಿಕ ಉತ್ತರಗಳಿವೆ, 12 ನಿಮಿಷದಲ್ಲಿ ಅದು ತೀರುವುದೂ ಇಲ್ಲ. ಸಭೆ ನಡೆಸುವವರ ನಿಜವಾದ ಕೆಲಸ ಇರುವುದು ಇಲ್ಲಿಯೇ. ತೀರದ ದೊಡ್ಡ ಪ್ರಶ್ನೆಯೊಳಗಿನಿಂದ ಇಂದು ತೀರಲೇಬೇಕಾದ ಸಣ್ಣ ಪ್ರಶ್ನೆಯನ್ನು ಅವರು ಬಿಡಿಸಿ ಇಡಬೇಕು. ಕಾರ್ಯದರ್ಶಿ ಹತ್ತನೆಯ ನಿಮಿಷದಲ್ಲಿ ಹೀಗೆ ಕೇಳುತ್ತಾಳೆ: ‘ಈ ಸಂಚಿಕೆಯ ಹತ್ತರಲ್ಲಿ ಅನುವಾದಕ್ಕೆ ಹೆಚ್ಚೆಂದರೆ ಎಷ್ಟು ಜಾಗ?’ ಅನಂತರ ಒಬ್ಬೊಬ್ಬರ ಹೆಸರು ಹಿಡಿದು ಉತ್ತರ ಕೇಳುತ್ತಾಳೆ, ಮೊದಲ ವರ್ಷದ ಹುಡುಗಿಯಿಂದ ಆರಂಭಿಸಿ. ಹಿರಿಯರು ಮೊದಲು ಮಾತಾಡಿದರೆ ಕಿರಿಯರು ತಲೆಯಾಡಿಸಿಬಿಡುತ್ತಾರೆ, ಮೌನವನ್ನು ಸಮ್ಮತಿಯೆಂದು ಎಣಿಸುವ ಅಪಾಯ ಅಲ್ಲಿಂದಲೇ ಹುಟ್ಟುತ್ತದೆ. ಮೂವರು ಎರಡು ಎನ್ನುತ್ತಾರೆ, ಒಬ್ಬಳು ಒಂದು ಎನ್ನುತ್ತಾಳೆ, ಒಬ್ಬ ಬೇಡವೆನ್ನುತ್ತಾನೆ. ಬಹುಮತದಂತೆ ಎರಡು ಎಂದಾಗುತ್ತದೆ. ಬೇಡವೆಂದವನು ತನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆಂದರೆ ಒಂದು ಸಾಲಿನಲ್ಲಿ ದಾಖಲಿಸಬೇಕು. ಅದು ಅವನ ಹಕ್ಕು.

ಮೂರನೆಯ ವಿಷಯ ಸುಲಭ. ಆದರೆ ಅದರ ಬಾಲದಲ್ಲಿ ಒಂದು ತೊಡಕಿದೆ. ಬರಹಗಳನ್ನು ದುಂಡಗೆ ನಕಲು ಮಾಡುವವನು ಇಂದು ಗೈರುಹಾಜರು. ‘ಅವನೇ ಮಾಡುತ್ತಾನೆ ಬಿಡಿ’ ಎಂದು ಐವರೂ ಒಪ್ಪುತ್ತಾರೆ. ಗೈರಾದವರ ಹೆಗಲಿಗೆ ಕೆಲಸ ಹೊರಿಸುವುದರಲ್ಲಿ ಎಲ್ಲ ಸಮಿತಿಗಳೂ ಉದಾರವಾಗಿರುತ್ತವೆ. ಅವನು ಒಪ್ಪುವವರೆಗೆ ಅದು ನಿರ್ಣಯವಲ್ಲ, ಬರಿಯ ಬಯಕೆ. ಆದ್ದರಿಂದ ಅವನನ್ನು ಕೇಳುವ ಕೆಲಸವನ್ನು ಹಾಜರಿರುವ ಒಬ್ಬರ ಹೆಸರಿಗೆ ಬರೆಯಬೇಕು.

ಕೊನೆಗೆ ಓದಿ ಹೇಳಿದ ನಡಾವಳಿ ಇಷ್ಟು:

ಹಾಜರು 5, ಗೈರು 1.
ನಿರ್ಣಯ: ಹತ್ತು ಬರಹ, ಅದರಲ್ಲಿ ಅನುವಾದ ಎರಡಕ್ಕೆ ಮೀರಬಾರದು. ಮೂಲ ಕವಿ, ಅನುವಾದಕ ಇಬ್ಬರ ಹೆಸರೂ ಇರಬೇಕು. ಕಾರಣ: ಹಲಗೆಯಲ್ಲಿ 21 ಹಾಳೆಗೆ ಮಾತ್ರ ಜಾಗ.
ಅನುವಾದಕಿ ಮೂಲ ಕವಿಗಳ ಲಿಖಿತ ಒಪ್ಪಿಗೆಯನ್ನು ಅಕ್ಟೋಬರ್ 10ರೊಳಗೆ ತರುತ್ತಾಳೆ. ಬಾರದಿದ್ದರೆ ಆ ಜಾಗ ಬೇರೆ ಬರಹಕ್ಕೆ.
ಖಜಾಂಚಿ ಎರಡು ಅಂಗಡಿಗಳಲ್ಲಿ ಹಾಳೆಯ ದರ ಕೇಳಿ 10ರಂದು ತಿಳಿಸುತ್ತಾನೆ.
ಸಂಪಾದಕಿ 13ರಂದು ಅಂತಿಮ ಪಟ್ಟಿ ಕೊಡುತ್ತಾಳೆ. ನಕಲಿಗೆ ಗೈರಾದ ಸದಸ್ಯನ ಒಪ್ಪಿಗೆಯನ್ನು ಇಂದು ಸಂಜೆಯೊಳಗೆ ಕೇಳುತ್ತಾಳೆ.

ಗಮನಿಸಿ, ಯಾರು ಯಾರಿಗೆ ಏನೆಂದರು ಎಂಬುದು ಇಲ್ಲಿಲ್ಲ. ಬಿಸಿಮಾತನ್ನು ಬರೆದಿಟ್ಟರೆ ಅದು ಮುಂದಿನ ಸಭೆಗೂ ಬರುತ್ತದೆ. ಆದರೆ ಕಾರಣದ ಸಾಲು ಇರಲೇಬೇಕು; ಜಾಗ ಸಿಗದ ನಾಲ್ವರು ಬಂದು ಕೇಳಿದಾಗ ಸಂಪಾದಕಿಗೆ ಅದೇ ಆಧಾರ. ನಿಜವಾದ ಪುಸ್ತಕದಲ್ಲಿ ‘ಸಂಪಾದಕಿ’, ‘ಖಜಾಂಚಿ’ ಎಂಬುದರ ಬದಲು ವ್ಯಕ್ತಿಯ ಹೆಸರನ್ನೇ ಬರೆಯಿರಿ. ದೊಡ್ಡ ಸಂಸ್ಥೆಗಳ ಸಭೆಗೆ ಸೂಚಕರು, ಅನುಮೋದಕರು, ಕೋರಂ ಬೇಕಾಗುತ್ತವೆ. ಆರು ಜನರ ಸಮಿತಿಗೆ ಅವು ಹೊರೆ.

ಈ ಸಾಲುಗಳು ಅದೇ ಸಂಜೆ ಆರೂ ಜನರಿಗೆ ತಲುಪಬೇಕು. ಎರಡು ದಿನ ಕಳೆದರೆ ಪ್ರತಿಯೊಬ್ಬರ ನೆನಪಿನಲ್ಲಿಯೂ ಬೇರೆ ಬೇರೆ ನಿರ್ಣಯ ಇರುತ್ತದೆ. ಗಡುವಿನ ಹಿಂದಿನ ದಿನ ಕಾರ್ಯದರ್ಶಿ ‘ಆಯಿತೇ?’ ಎಂದು ಕೇಳುವ ಬದಲು ‘ಏನು ಅಡ್ಡಿಯಾಗಿದೆ?’ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ಮೊದಲಿನ ಪ್ರಶ್ನೆಗೆ ‘ಆಗುತ್ತದೆ’ ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಮುಂದಿನ ಸಭೆಯ ಮೊದಲ ಐದು ನಿಮಿಷ ಇದೇ ಹಾಳೆಯ ಮೇಲೆ ನಡೆಯುತ್ತದೆ: ಆದುದಕ್ಕೆ ಗೆರೆ, ಆಗದುದಕ್ಕೆ ಹೊಸ ತಾರೀಖು. ಒಂದೇ ಕೆಲಸ ಮೂರನೆಯ ಬಾರಿ ಹೊಸ ತಾರೀಖು ಬೇಡಿದರೆ ಆ ವ್ಯಕ್ತಿಯನ್ನು ದೂರುವ ಮೊದಲು ವಾಕ್ಯವನ್ನು ಓದಿ ನೋಡಿ. ಬಹಳ ಸಲ ಅದರೊಳಗೆ ಎರಡು ಮೂರು ಕೆಲಸಗಳು ಅಡಗಿರುತ್ತವೆ. ‘ಅತಿಥಿಗಳ ವ್ಯವಸ್ಥೆ’ ಎಂಬಲ್ಲಿ ಪತ್ರವೂ ಇದೆ, ವಾಹನವೂ ಇದೆ, ಊಟವೂ ಇದೆ. ಅವನ್ನು ಬಿಡಿಸಿ ಒಂದೊಂದಕ್ಕೂ ಒಬ್ಬೊಬ್ಬ ಕರ್ತೃವನ್ನು ಕೊಡಿ. ಅಷ್ಟಾಗಿಯೂ ಯಾರೂ ಮುಂದೆ ಬಾರದಿದ್ದರೆ ಆ ಕೆಲಸವನ್ನು ಕೈಬಿಟ್ಟಿದ್ದೇವೆ ಎಂದೇ ನಡಾವಳಿಯಲ್ಲಿ ಬರೆಯಿರಿ.