ಮೂಲೆಗೆ ಸಿಕ್ಕ ಅಕ್ಷರಗಳು: ಪದಬಂಧದ ತುಂಬುಪದಗಳನ್ನು ಗುರುತಿಸುವ ಒಂದು ಪಾಠ

ಪ್ರಾಯೋಗಿಕ ಬೋಧನೆಯ ಅವಧಿಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಪದಬಂಧದ ಪಾಠ ಮಾಡಿದರು. ವಿಷಯ: ಸಮಾನಾರ್ಥಕ ಪದಗಳು. ಕಪ್ಪುಹಲಗೆಯ ಮೇಲೆ ಮೂವತ್ತಕ್ಕೂ ಹೆಚ್ಚು ಪದಗಳು ಸಾಲಾಗಿ ಬಂದವು. ಅಹಿ ಎಂದರೆ ಹಾವು, ಇನ ಎಂದರೆ ಸೂರ್ಯ, ಇಭ ಎಂದರೆ ಆನೆ, ಏಣ ಎಂದರೆ ಜಿಂಕೆ, ಉಡು ಎಂದರೆ ನಕ್ಷತ್ರ, ಝಷ ಎಂದರೆ ಮೀನು. ಮಕ್ಕಳು ಬರೆದುಕೊಂಡರು. ಮಾರನೆಯ ದಿನ ಒಂದು ಪದಬಂಧ ಕೊಟ್ಟಾಗ ಅವುಗಳಲ್ಲಿ ಎರಡನ್ನೋ ಮೂರನ್ನೋ ಬಿಟ್ಟರೆ ಉಳಿದವು ಯಾರಿಗೂ ನೆನಪಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸಾರ್, ಆನೆಗೆ ಆನೆ ಅಂತಲೇ ಬರೆದರೆ ಏನಾಗುತ್ತೆ? ಇಭ ಅಂತ ಯಾರು ಅಂತಾರೆ?"

ಪ್ರಶ್ನೆ ಸರಿಯಾಗಿಯೇ ಇತ್ತು, ಆದರೆ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇಂಥ ಪದಗಳನ್ನು ಪದಬಂಧಕಾರರು ಪಾಂಡಿತ್ಯ ತೋರಿಸಲು ಹಾಕುವುದಿಲ್ಲ. ಎರಡು ದೊಡ್ಡ ಪದಗಳು ಸೇರುವ ಮೂಲೆಯಲ್ಲಿ ಬೇರೇನೂ ಕೂಡದೆ ಹೋದಾಗ ಹಾಕುತ್ತಾರೆ. ಅದಕ್ಕೇ ಅವನ್ನು ಇಲ್ಲಿ ತುಂಬುಪದ ಎಂದು ಕರೆಯುತ್ತೇನೆ. ಮೂಲೆ ಏಕೆ ಕಷ್ಟವಾಗುತ್ತದೆ ಎಂಬುದನ್ನು ಮಗು ತಾನೇ ಕಂಡರೆ ಪದ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಎರಡನೆಯ ಸಲ ಆ ಪ್ರಶಿಕ್ಷಣಾರ್ಥಿಯ ಜೊತೆ ಕೂತು ಪಾಠವನ್ನು ತಿರುವಿ ಹಾಕಿದೆವು. ಬಿಡಿಸುವ ಮೊದಲು ಮಕ್ಕಳೇ ಕಟ್ಟಲಿ ಎಂದು ನಿರ್ಧರಿಸಿದೆವು.

ಮೊದಲು ಚೌಕದ ಲೆಕ್ಕ ಹೇಳಬೇಕು. 1913ರ ಡಿಸೆಂಬರಿನಲ್ಲಿ ಆರ್ಥರ್ ವಿನ್ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಪದಬಂಧದಲ್ಲಿ ಒಂದು ಚೌಕಕ್ಕೆ ಇಪ್ಪತ್ತಾರು ಅಕ್ಷರಗಳಲ್ಲಿ ಯಾವುದಾದರೊಂದು ಬರುತ್ತಿತ್ತು. ಕನ್ನಡದಲ್ಲಿ ಒಂದು ಚೌಕಕ್ಕೆ ಗುಣಿತಾಕ್ಷರ ಪೂರ್ತಿಯಾಗಿ ಕೂರುತ್ತದೆ. ಒತ್ತಕ್ಷರವೂ ಅನುಸ್ವಾರವೂ ಅದರ ಜೊತೆಗೇ ಹೋಗುತ್ತವೆ. 'ಅಂಚೆ' ಎರಡು ಚೌಕ, 'ಚಿತ್ರದುರ್ಗ' ನಾಲ್ಕು. ಅಡ್ಡಪದದಲ್ಲಿ 'ರಿ' ಇದ್ದರೆ ಉದ್ದಪದದಲ್ಲೂ 'ರಿ'ಯೇ ಬೇಕು. 'ರ' ಆಗದು, 'ರೀ'ಯೂ ಆಗದು. ಹಾಗಾಗಿ ನಮ್ಮಲ್ಲಿ ಎರಡು ಪದ ಒಂದೇ ಚೌಕದಲ್ಲಿ ಸೇರುವುದು ಇಂಗ್ಲಿಷಿಗಿಂತ ಬಹಳ ಬಿಗಿ. ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿದ ಅ.ನಾ. ಪ್ರಹ್ಲಾದರಾವ್ ಅವರಂಥವರೂ ಈ ಬಿಗಿಯೊಳಗೇ ಕೆಲಸ ಮಾಡಬೇಕು.

ಮಕ್ಕಳಿಗೆ ಕೊಟ್ಟ ಕೆಲಸ ಇಷ್ಟೇ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳನ್ನು ಒಂದಕ್ಕೊಂದು ಕೂಡಿಸಿ. ನಾಲ್ಕೂ ಊರಿಗೆ ನಾಲ್ಕು ನಾಲ್ಕೇ ಚೌಕ ಬರುವುದು ನಮ್ಮ ಜಿಲ್ಲೆಯ ಅದೃಷ್ಟ.

ಚಿತ್ರದುರ್ಗ, ಹೊಸದುರ್ಗ ಎರಡರಲ್ಲೂ 'ದು', 'ರ್ಗ' ಇವೆ ಎಂದು ಎಲ್ಲರೂ ಕೂಡಲೇ ಕಂಡರು. ಹೊಸದುರ್ಗವನ್ನು ಮೇಲಿನ ಸಾಲಿನಲ್ಲಿ ಅಡ್ಡ ಬರೆದು 'ರ್ಗ'ದಿಂದ ಕೆಳಕ್ಕೆ ಇಳಿಯಲು ಹೊರಟ ಗುಂಪು ಅಲ್ಲೇ ನಿಂತಿತು. 'ರ್ಗ'ದಿಂದ ಶುರುವಾಗುವ ಪದವೇ ಇಲ್ಲ. ಮಾರ್ಗ, ವರ್ಗ, ಸ್ವರ್ಗ ಎಲ್ಲವೂ ಅದರಲ್ಲಿ ಮುಗಿಯುತ್ತವೆ. ಆದ್ದರಿಂದ 'ರ್ಗ' ಕೆಳಗಿನ ಬಲಮೂಲೆಗೆ ಹೋಗಬೇಕು. ಚಿತ್ರದುರ್ಗ ಮೇಲಿನಿಂದ ಇಳಿದು ಬರಲಿ, ಹೊಸದುರ್ಗ ಎಡದಿಂದ ಬರಲಿ, ಎರಡೂ ಅಲ್ಲಿ ಮುಗಿಯಲಿ. ಇನ್ನೊಂದು ತುದಿಯಲ್ಲಿ ಇದರ ತಿರುವುಮುರುವು. 'ಹೊ'ದಲ್ಲಿ ಮುಗಿಯುವ ಕನ್ನಡ ಪದವಿಲ್ಲ. ಅದು ಎರಡು ಪದಗಳ ತಲೆಯಾಗಬಹುದು ಅಷ್ಟೆ. ಹಾಗಾಗಿ ಹೊಸದುರ್ಗದ 'ಹೊ'ದಿಂದ ಹೊಳಲ್ಕೆರೆ ಕೆಳಕ್ಕೆ ಇಳಿಯಿತು.

ಹೊಳಲ್ಕೆರೆಯ ಎರಡನೆಯ ಚೌಕ 'ಳ'. ಜೈನರ ಣಮೋಕಾರ ಮಂತ್ರದಂಥ ಪ್ರಾಕೃತದ ಹೆಸರು ಬಿಟ್ಟರೆ ನಮ್ಮ ಬಳಕೆಯಲ್ಲಿ ಣಕಾರ, ಳಕಾರದಿಂದ ಪದ ಶುರುವಾಗುವುದಿಲ್ಲ. ಹಾಗಾದರೆ 'ಳ'ದಿಂದ ಬಲಕ್ಕೆ ಪದ ಶುರುವಾಗದು, ಎಡದಿಂದ ಬರುವ ಪದ ಬೇಕು. ಕೇರಳ, ಸರಳ, ಹವಳ ಎಂದು ಹೇಳುತ್ತಾ ಹೋದರು. ಸಿರಿಗೆರೆಯ ಕಡೆಯ ಹುಡುಗಿ 'ತರಳ' ಎಂದಳು. ತರಳಬಾಳು ಎಂಬ ಮಾತು ದಿನಾ ಕೇಳುವ ಮಗುವಿಗೆ ತರಳ ಎಂದರೆ ಎಳೆಯ, ಮಗು ಎಂಬ ಅರ್ಥ ಅವತ್ತು ಬಿಡಿಸಿ ಕಾಣಿಸಿತು. ಒಂದು ಗುಂಪು ಊರಿನ ಹೆಸರನ್ನು 'ಹೊಲಲ್ಕೆರೆ' ಎಂದು ಬರೆದಿತ್ತು. ಅಡ್ಡದಲ್ಲಿ 'ತರಲ' ಎಂದಾದಾಗ ತಪ್ಪು ಅವರ ಕಣ್ಣಿಗೇ ಬಿತ್ತು, ಕೆಂಪು ಶಾಯಿ ಬೇಕಾಗಲಿಲ್ಲ. ಮೂರನೆಯ ಚೌಕ 'ಲ್ಕೆ'ಗೆ ಅವತ್ತು ಯಾರಿಗೂ ಪದ ಹೊಳೆಯಲಿಲ್ಲ. ನಾಲ್ಕು ಎಂದರೆ 'ಲ್ಕು', ಶುಲ್ಕ ಎಂದರೆ 'ಲ್ಕ'. ಅದನ್ನು ದಾಟದೆ ಬಿಟ್ಟೆವು. ಪದಬಂಧಕಾರರೂ ಹೀಗೇ ಬಿಡುತ್ತಾರೆ. ಕೊನೆಯ 'ರೆ'ಗೆ ಧರೆ, ತೊರೆ ಏನು ಬೇಕಾದರೂ ಬರುತ್ತದೆ.

ಇನ್ನು ಹಿರಿಯೂರು. ಅದಕ್ಕೂ ಉಳಿದ ಮೂರಕ್ಕೂ ಒಂದು ಚೌಕವೂ ಸಾಮಾನ್ಯವಿಲ್ಲ. ಚಿತ್ರದುರ್ಗದ 'ಚಿ'ಯಿಂದ ಶುರುವಾಗಿ ಹಿರಿಯೂರಿನ ಒಂದು ಚೌಕವನ್ನು ಮುಟ್ಟುವ ಪದ ಬೇಕಿತ್ತು. 'ಚಿಗುರು' ಸಿಕ್ಕಿತು. ಅದರ 'ರು'ವಿನಲ್ಲಿ ಹಿರಿಯೂರು ಮೇಲಿನಿಂದ ಬಂದು ಮುಗಿಯಿತು. ಆಮೇಲೆ ಆ ಮೂಲೆಯನ್ನು ತುಂಬಿದಾಗ ಹೀಗಾಯಿತು:

■ | ಅ | ಹಿ | ■
■ | ■ | ರಿ | ■
■ | ಮ | ಯೂ | ರ
ಚಿ | ಗು | ರು | ■

ಈ ಹದಿನಾರು ಚೌಕದಲ್ಲಿ ಪಾಠದ ತಿರುಳೆಲ್ಲ ಇದೆ. 'ಯೂ' ಎಂಬ ಚೌಕ ನೋಡಿ. ಅದು ಇರುವ ಪದಗಳು ಬೆರಳೆಣಿಕೆಯಷ್ಟು: ಮಯೂರ, ತೋಳಿನ ಆಭರಣವಾದ ಕೇಯೂರ, ಯಜ್ಞದ ಕಂಬವಾದ ಯೂಪ. ಅದಕ್ಕೇ ಕೇಯೂರದಂಥ ಪದ ಮಾತಿನಲ್ಲಿ ಎಲ್ಲೂ ಕೇಳದಿದ್ದರೂ ಪದಬಂಧದಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಮಯೂರವನ್ನೇ ಆರಿಸಿದ್ದಕ್ಕೆ ಕಾರಣ ಕೆಳಗಿನ 'ಗು'. ಮ ಇಟ್ಟರೆ ಮೇಲಿನಿಂದ ಕೆಳಕ್ಕೆ 'ಮಗು' ಆಗುತ್ತದೆ, ಕೇ ಇಟ್ಟರೆ 'ಕೇಗು' ಎಂಬ ಅರ್ಥವಿಲ್ಲದ ಜೋಡಿ. ಬಿಡಿಸುವವನು ಇದನ್ನು ಹಿಂದುಮುಂದಾಗಿ ಬಳಸುತ್ತಾನೆ. 'ಗು' ಮೊದಲೇ ತುಂಬಿದ್ದರೆ ಕೇಯೂರವನ್ನು ಸುಳಿವು ಓದುವ ಮೊದಲೇ ತಳ್ಳಿಹಾಕಬಹುದು.

ಮೇಲಿನ 'ಹಿ' ಇನ್ನೊಂದು ಬಗೆ. ಅದರಲ್ಲಿ ಮುಗಿಯುವ ಎರಡು ಚೌಕದ ಪದಗಳಲ್ಲಿ ಅಹಿ, ಮಹಿ ಎರಡೂ ಇವೆ. ಪ್ರಶಿಕ್ಷಣಾರ್ಥಿ ಇದಕ್ಕೆ ಕೊಟ್ಟ ಸುಳಿವು "ಆದಿಶೇಷನನ್ನು ನೆನೆಯಿರಿ (2)". ಕೀಲಿಯಲ್ಲಿ ಅಹಿ ಎಂದಿತ್ತು. ಇನ್ನೊಂದು ವಿಭಾಗದ ಮಕ್ಕಳು ಬಿಡಿಸಿದಾಗ ಒಬ್ಬಳು ಮಹಿ ಎಂದು ಬರೆದಳು, ಅಂಕ ಹೋಯಿತು. ಅವಳು ವಾದಿಸಲಿಲ್ಲ, ರಬ್ಬರಿನಿಂದ ಅಳಿಸಿದಳು. ಅವಲೋಕನದ ಪುಸ್ತಕದಲ್ಲಿ ನಾನು ಬರೆದದ್ದು ಅಲ್ಲಿಗೇ. ಭೂಮಿಯನ್ನು ಹೊತ್ತವನನ್ನು ನೆನೆದರೆ ಮಹಿ ಬರುವುದು ತಪ್ಪೇನಲ್ಲ. ಆ ಮೊದಲ ಚೌಕವನ್ನು ಬೇರೆ ಪದ ದಾಟಿಲ್ಲ. ದಾಟದ ಚೌಕದ ಭಾರವೆಲ್ಲ ಸುಳಿವಿನ ಮೇಲೆ ಬೀಳುತ್ತದೆ. ಅಲ್ಲಿ ಸುಳಿವು "ಹಾವು" ಎಂದು ನೇರವಾಗಿರಬೇಕು. ಅಂಕ ವಾಪಸ್ ಕೊಡಿಸಿದೆವು. ಮಕ್ಕಳ ಉತ್ತರ ತಿದ್ದುವ ಮುನ್ನ ಆ ಚೌಕ ದಾಟಿದೆಯೇ ಇಲ್ಲವೇ ಎಂದು ನೋಡುವುದು ಪದಬಂಧದ ಮೌಲ್ಯಮಾಪನದಲ್ಲಿ ಮೊದಲ ಕೆಲಸ.

ಈಗ ಇಳೆ, ಎಣೆ, ಅಳಿ, ಉಳಿ, ಏಣಿ, ಏಣ ಇವು ಪದಬಂಧದಲ್ಲಿ ಪದೇ ಪದೇ ಏಕೆ ಬರುತ್ತವೆ ಎಂಬುದನ್ನು ಮಕ್ಕಳೇ ಹೇಳಿದರು. ಇ, ಎ, ಅ ಮುಂತಾದ ಸ್ವರಾಕ್ಷರ ಕನ್ನಡ ಪದದ ನಡುವೆ ಬರುವುದು ತೀರ ಅಪರೂಪ, ಅದು ತಲೆಯಲ್ಲೇ ನಿಲ್ಲುತ್ತದೆ. ಣ, ಳ ತಲೆಯಲ್ಲಿ ಎಂದೂ ನಿಲ್ಲುವುದಿಲ್ಲ. ಹಾಗಾಗಿ ಒಂದು ಚೌಕದಿಂದ ಉದ್ದಪದ ಶುರುವಾಗಿ ಪಕ್ಕದ ಚೌಕದಲ್ಲಿ ಮೇಲಿನಿಂದ ಬಂದ ಉದ್ದಪದ ಮುಗಿಯುವ ಇಕ್ಕಟ್ಟಿನ ಜಾಗಕ್ಕೆ ಇಂಥ ಜೋಡಿ ಅಳತೆ ಮಾಡಿ ಹೊಲಿದಂತೆ ಕೂರುತ್ತದೆ. "ಭೂಮಿ (2)" ಎಂದು ಸುಳಿವಿದ್ದು, ಮೊದಲ ಚೌಕದಿಂದ ಕೆಳಕ್ಕೂ ಒಂದು ಪದ ಶುರುವಾದರೆ ಇಳೆ, ಧರೆ, ಮಹಿ ಮೂರೂ ಸಾಧ್ಯ. ಅದೇ ಚೌಕದಲ್ಲಿ ಮೇಲಿನಿಂದ ಬಂದ ಪದ ಮುಗಿಯುತ್ತಿದ್ದರೆ ಇಳೆ ಬಿದ್ದುಹೋಯಿತು. ಎರಡನೆಯ ಚೌಕದಿಂದ ಕೆಳಕ್ಕೆ ಪದ ಶುರುವಾಗುತ್ತಿದ್ದರೂ ಇಳೆ ಬಿದ್ದುಹೋಯಿತು, ಏಕೆಂದರೆ ಅದು 'ಳೆ'. ಅರ್ಥ ಗೊತ್ತಿರುವ ಮಗುವಿಗೂ ಯಾವ ಪದ ಎಂದು ಆರಿಸಲು ಈ ನೋಟ ಬೇಕು. ಅರ್ಥ ಗೊತ್ತಿಲ್ಲದ ಮಗುವಿಗೆ ಊಹಿಸಲು ಒಂದು ದಾರಿ ಸಿಗುತ್ತದೆ.

ಕಟ್ಟುವಾಗ ಆದ ಇನ್ನೊಂದು ಎಡವಟ್ಟನ್ನು ಹೇಳಬೇಕು. ಚಿತ್ರದುರ್ಗ, ಹೊಸದುರ್ಗ 'ರ್ಗ'ದಲ್ಲಿ ಸೇರಿದಾಗ ಒಳಗಿನ ಖಾಲಿ ಚೌಕದ ಬಲಕ್ಕೂ ಕೆಳಕ್ಕೂ 'ದು' ಇರುತ್ತದೆ. ಅಲ್ಲಿ ಯಾರೋ 'ಇಂ' ಬರೆದರು. ಅಡ್ಡವೂ ಇಂದು, ಉದ್ದವೂ ಇಂದು! ಒಂದಕ್ಕೆ ಚಂದ್ರ, ಇನ್ನೊಂದಕ್ಕೆ ಈ ದಿನ ಎಂದು ಸುಳಿವು ಕೊಡೋಣ ಎಂದು ಮಕ್ಕಳು ಹಟ ಹಿಡಿದರು. ಜಾಣತನವೇ ನಿಜ, ಆದರೆ ಒಂದೇ ಪದ ಎರಡು ಸಲ ಬರುವುದು ಪದಬಂಧದಲ್ಲಿ ದೋಷ. ಆ ಚೌಕದಲ್ಲಿ ಏನು ಬರೆದರೂ ಹಾಗೇ ಆಗುವುದರಿಂದ ಅದನ್ನು ಕಪ್ಪು ಮಾಡಿದೆವು.

ಕೊನೆಗೆ ಆ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಬಂದೆವು. 'ಆನೆ' ಎಂದು ಬರೆಯಬಹುದು, ಆದರೆ ಅದರ 'ನೆ' ದಾಟುವ ಪದಕ್ಕೆ ಹೊಂದಬೇಕು. ದಾಟುವ ಚೌಕ ಹಿರಿಯೂರಿನ 'ರಿ' ಆದರೆ? ಎಡಕ್ಕೆ ಒಂದು ಚೌಕ ತೆರೆದರೆ 'ಕರಿ' ಬರುತ್ತದೆ. ಕರಿ ಎಂದರೆ ಕಪ್ಪಲ್ಲವೇ ಎಂದು ಹಲವರು ಕೇಳಿದರು. ಕೋಟೆಯ ನಾಯಕನ ಹೆಸರು ಹೇಳಿ ಎಂದಾಗ ಇಡೀ ತರಗತಿ ಮದಕರಿ ಎಂದು ಕೂಗಿತು. ಮದಿಸಿದ ಕರಿ, ಮದ್ದಾನೆ ಎಂದು ಬಿಡಿಸಿ ಹೇಳಿದ್ದು ಅದೇ ಹುಡುಗ. ಆದರೆ ನಮ್ಮ ಮೂಲೆಯಲ್ಲಿ ಆ ಚೌಕ ತೆರೆಯುವಂತಿರಲಿಲ್ಲ. ಕ ಇಟ್ಟರೆ ಮೇಲಿನಿಂದ ಕೆಳಕ್ಕೆ 'ಅಕಮಗು' ಆಗುತ್ತಿತ್ತು. ಅವನೇ ಅದನ್ನು ಓದಿ ನಕ್ಕು, ಪೆನ್ಸಿಲಿನಿಂದ ಮತ್ತೆ ಕಪ್ಪು ಮಾಡಿದ.