ಬಾಕಿ ಕೇಳುವ ನಾಲ್ಕು ಪತ್ರಗಳು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಶಹಾಬಾದಿನಲ್ಲಿ ಫರ್ಸಿಕಲ್ಲಿಗೆ ಪಾಲಿಶ್ ಹಾಕುವ ಸಣ್ಣ ಕಾರಖಾನೆಯನ್ನು ನಡೆಸುತ್ತಿರುವ ನನ್ನ ಸೋದರಮಾವನವರ ಇ-ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಕೆಲಸದಲ್ಲಿ ಕಲಿತ ಒಂದು ಪಾಠವನ್ನು ಮಿತ್ರರ ಮುಂದಿಡುತ್ತೇನೆ.

2024ರ ಜೂನ್ 3ರಂದು ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರಿಗೆ ನಮ್ಮ ಕಲ್ಲು ತಲುಪಿತು. ಬಿಲ್ಲು 40,000 ರೂಪಾಯಿ. ಮೂವತ್ತು ದಿನಗಳಲ್ಲಿ ಹಣ ಕೊಡುವುದಾಗಿ ಅವರು ಆರ್ಡರಿನಲ್ಲಿ ಬರೆದುಕೊಟ್ಟಿದ್ದರು. ಜುಲೈ 3 ಕಳೆದರೂ ಹಣ ಬರಲಿಲ್ಲ. ಇತ್ತ ಶನಿವಾರದ ಪಗಾರಕ್ಕೆ ಆಳುಗಳು ಕಾಯುತ್ತಿದ್ದರು. ಕೋಪದಿಂದ ನಾನು “ಇದು ಮೋಸ” ಎಂದು ಬರೆದೆ. ಮಾಮಾ ಓದಿಸಿ ಕೇಳಿ, “ತಮ್ಮಾ, ಸಿಟ್ಟಿನ ಮಾತು ಬರೀಬ್ಯಾಡ. ನಾಳಿ ಮತ್ತ ಅವರಿಗೇ ಫರ್ಸಿ ಮಾರಬೇಕು” ಎಂದರು. ಹಾಗಾದರೆ ಬಿಗಿ ಎಲ್ಲಿಂದ ಬರಬೇಕು? ಪತ್ರದಿಂದ ಪತ್ರಕ್ಕೆ ಹೆಚ್ಚಬೇಕಾದುದು ಸಂಗತಿ, ವಿಶೇಷಣವಲ್ಲ ಎಂಬುದು ನಾನು ಕಂಡುಕೊಂಡ ಉತ್ತರ.

ಮೊದಲನೆಯ ಪತ್ರವನ್ನು ಜುಲೈ 5ರಂದು, ಅವರು ಮರೆತಿರಬಹುದೆಂದು ಭಾವಿಸಿ ಬರೆದೆ: “ಮಾನ್ಯರೇ, ಜೂನ್ 3ರಂದು ತಲುಪಿದ ಕಲ್ಲಿನ ಬಿಲ್ಲಿನ ಮೊತ್ತ 40,000 ರೂ. ಪಾವತಿಯ ದಿನ ಜುಲೈ 3 ಆಗಿತ್ತು. ಬಿಲ್ಲನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಲಗತ್ತಿಸಿದ್ದೇನೆ. ಈಗಾಗಲೇ ಹಣ ಕಳಿಸಿದ್ದಲ್ಲಿ ಈ ಪತ್ರವನ್ನು ಮನ್ನಿಸಿರಿ.”

ಉತ್ತರವಿಲ್ಲ. ಜುಲೈ 18ರಂದು ಅದೇ ಇ-ಮೇಲಿಗೆ ಮುಂದುವರಿಕೆಯಾಗಿ ಎರಡನೆಯದನ್ನು ಕಳಿಸಿದೆ; ಹೀಗೆ ಮಾಡಿದರೆ ಹಿಂದಿನ ಪತ್ರ ಕೆಳಗೇ ಕಾಣುತ್ತದೆ. ಅದರಲ್ಲಿ ಹೆಚ್ಚಿದ್ದು ಒಂದೇ ಬೇಡಿಕೆ: “ಹಣ ಯಾವ ದಿನ ಬರುವುದೆಂದು ಜುಲೈ 25ರೊಳಗೆ ದಯವಿಟ್ಟು ತಿಳಿಸಿರಿ.” “ಬೇಗನೆ” ಎಂಬ ಮಾತಿಗೆ ಅರ್ಥವಿಲ್ಲ, ತಾರೀಖಿಗೆ ಅರ್ಥವುಂಟು.

ಮೂರನೆಯದರಲ್ಲಿ ಕಾನೂನು ಬಂದಿತು. 2006ರ ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಕೊಂಡವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಸರಕಿನಲ್ಲಿ ದೋಷವಿದ್ದರೆ ತಲುಪಿದ 15 ದಿನಗಳೊಳಗೆ ಬರೆದು ತಿಳಿಸದಿದ್ದರೆ ಅದನ್ನು ಒಪ್ಪಿದಂತೆಯೇ. ತಡವಾದರೆ ರಿಜರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಬೀಳುತ್ತದೆ. ಆಗ ಆ ದರ ಶೇಕಡಾ 6.75 ಇತ್ತು, ಮೂರು ಪಟ್ಟು 20.25. ನಲವತ್ತು ಸಾವಿರಕ್ಕೆ ಮೊದಲ ತಿಂಗಳು 675 ರೂ., ಎರಡನೆಯ ತಿಂಗಳು 686 ರೂ.

ಆಗಸ್ಟ್ 5ರ ಪತ್ರ ಹೀಗಿತ್ತು: “ನಮ್ಮದು ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಘಟಕ. ಕಾಯಿದೆಯಂತೆ ಜುಲೈ 4ರಿಂದ ಬಡ್ಡಿ ಸಲ್ಲುತ್ತದೆ. ಈವರೆಗೆ ಒಂದು ತಿಂಗಳಿಗೆ 675 ರೂ. ಆಗಿದೆ. ಬಡ್ಡಿ ಕೇಳುವುದು ನಮಗೆ ಇಷ್ಟವಿಲ್ಲ. ಅಸಲು ತಲುಪಿಸಿದರೆ ಸಂತೋಷ.”

ಮರುದಿನವೇ ಉತ್ತರ ಬಂದಿತು. ನಾವು ಬಿಲ್ಲಿನಲ್ಲಿ ಅವರ ಆರ್ಡರ್ ನಂಬರನ್ನು ಬರೆದಿರಲಿಲ್ಲ. ಆದುದರಿಂದ ಅದು ಅವರ ಗುಮಾಸ್ತರ ಮೇಜಿನ ಮೇಲೆಯೇ ನಿಂತಿತ್ತು! ಬಿಲ್ಲಿನಲ್ಲಿ ಏನಾದರೂ ಕೊರತೆ ಇದೆಯೇ ಎಂದು ನಾನು ಮೊದಲ ಪತ್ರದಲ್ಲೇ ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. “ಮೋಸ” ಎಂದು ಬರೆದಿದ್ದರೆ ನನ್ನ ಮುಖ ಎಲ್ಲಿಡುತ್ತಿದ್ದೆ? ನಂಬರನ್ನು ಸೇರಿಸಿ ಅಂದೇ ಕಳಿಸಿದೆವು. ಆಗಸ್ಟ್ 31ರೊಳಗೆ ಕೊಡುವುದಾಗಿ ಅವರು ಬರೆದರು. ಬಾಕಿಯನ್ನು ಲಿಖಿತವಾಗಿ ಒಪ್ಪಿದ ಆ ಉತ್ತರವನ್ನು ನಾನು ಜೋಪಾನವಾಗಿಟ್ಟೆ.

ಆ ದಿನವೂ ಕಳೆಯಿತು. ಸೆಪ್ಟೆಂಬರ್ 5ರಂದು ನಾಲ್ಕನೆಯ ಪತ್ರ: “ತಾವು ಸೂಚಿಸಿದ ದಿನ ಮೀರಿದೆ. ಅಸಲು 40,000, ಬಡ್ಡಿ 1,361, ಲೆಕ್ಕ ಲಗತ್ತಿಸಿದೆ. ಸೆಪ್ಟೆಂಬರ್ 12ರೊಳಗೆ ಹಣ ಬಾರದಿದ್ದರೆ ಕಾಯಿದೆಯ 18ನೆಯ ಕಲಮಿನಂತೆ ನಮ್ಮ ರಾಜ್ಯದ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸುವೆವು. ಅದಕ್ಕೆ ಅವಕಾಶ ಬಾರದಿರಲೆಂದು ಕೋರುತ್ತೇನೆ.” ಇದನ್ನು ಕಳಿಸುವ ಮೊದಲೇ ಆರ್ಡರ್, ಬಿಲ್ಲು, ಕಲ್ಲು ಇಳಿಸಿಕೊಂಡ ಸಹಿಯ ಚೀಟಿ, ಹಿಂದಿನ ಪತ್ರಗಳು ಎಲ್ಲವನ್ನೂ ಜೋಡಿಸಿಟ್ಟಿದ್ದೆವು. ಮಾಡಲಾರದ ಕೆಲಸದ ಬೆದರಿಕೆ ಹಾಕಿದರೆ ಮುಂದಿನ ಪತ್ರವನ್ನು ಯಾರೂ ನಂಬರು.

ಸೆಪ್ಟೆಂಬರ್ 11ರಂದು ಅಸಲು ಬಂದಿತು. ಮಾಮಾ ಬಡ್ಡಿಯನ್ನು ಬಿಟ್ಟುಕೊಟ್ಟರು. ನಮ್ಮ ಬಿಲ್ಲೂ ಕುಂದಿತ್ತೆಂಬುದು ಅವರ ನ್ಯಾಯ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಕಡೆಯ ಗೆಳೆಯರಿಗೆ ಒಂದು ಎಚ್ಚರಿಕೆ. ಈ ಬಡ್ಡಿಯ ಹಕ್ಕು ತಯಾರಿಸುವವರಿಗೂ ಸೇವೆ ಒದಗಿಸುವವರಿಗೂ ಮೀಸಲು. ಕೊಂಡು ಮಾರುವ ಬರಿಯ ವ್ಯಾಪಾರಿ ಇದನ್ನು ನೆಚ್ಚಿ ಮೂರನೆಯ ಪತ್ರ ಬರೆಯಬಾರದು. ಉದ್ಯಮ್ ನೋಂದಣಿಯು ಸರಕು ಕಳಿಸುವ ಮೊದಲೇ ಆಗಿದ್ದರೆ ತಕರಾರಿಗೆ ಎಡೆಯಿರದು. ಈಗ ನಮ್ಮ ಕಾರಖಾನೆಯಲ್ಲಿ ಆರ್ಡರ್ ನಂಬರನ್ನು ಬರೆಯದೆ ಯಾವ ಬಿಲ್ಲೂ ಹೊರಗೆ ಹೋಗುವುದಿಲ್ಲ.