ರಕ್ತದ ರಿಪೋರ್ಟ್‌ನಲ್ಲಿ ಹತ್ತರ ತಲೆಯ ಮೇಲಿನ ಆ ಪುಟ್ಟ ಅಂಕಿ

ಮನೆಯಲ್ಲಿ ಒಬ್ಬರಿಗೆ ಡೆಂಗಿ ಜ್ವರ ಬಂದಿದೆ ಎಂದುಕೊಳ್ಳಿ. ಸೋಮವಾರ ಊರಿನ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಿರಿ. ಪ್ಲೇಟ್‌ಲೆಟ್ ಎಂಬುದರ ಎದುರು 1.42 lakhs/cumm ಎಂದು ಬರೆದಿತ್ತು. ಬುಧವಾರ ತಾಲೂಕಿನ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಆಯಿತು. ಅಲ್ಲಿಯ ಯಂತ್ರ 96 ಎಂದು ಬರೆದು, ಪಕ್ಕದಲ್ಲಿ 10^3/µL ಎಂದು ಮುದ್ರಿಸಿತು. ಶುಕ್ರವಾರ ಮಂಗಳೂರಿನಲ್ಲಿ ಮಾಡಿಸಿದ ರಿಪೋರ್ಟ್‌ನಲ್ಲಿ 88 × 10⁹/L ಎಂದಿತ್ತು.

ಉಮ್ಮ ಮೂರೂ ರಿಪೋರ್ಟ್‌ಗಳ ಫೋಟೋ ತೆಗೆದು ದಮ್ಮಾಮ್‌ನಲ್ಲಿರುವ ಮಗನಿಗೆ ಕಳುಹಿಸುತ್ತಾರೆ. ಅವನು ಕೆಲಸದ ನಡುವೆ ಅಂಕಿಗಳನ್ನಷ್ಟೇ ನೋಡಿ, "ಉಮ್ಮಾ, ನೀವು ಹೆದರಬೇಡಿ, 1.42 ಇದ್ದದ್ದು 96ಕ್ಕೆ ಏರಿದೆಯಲ್ಲ" ಎನ್ನುತ್ತಾನೆ. ಇತ್ತ ಮನೆಗೆ ಬಂದ ಮಾವ ಅದೇ ಕಾಗದ ನೋಡಿ, "ಲಕ್ಷಗಟ್ಟಲೆ ಇರಬೇಕಾದದ್ದು ಬರೀ 88 ಉಳಿದಿದೆಯಾ?" ಎಂದು ಕುಸಿದು ಕೂರುತ್ತಾರೆ. ಒಬ್ಬರಿಗೆ ಇಲ್ಲದ ಸಮಾಧಾನ, ಇನ್ನೊಬ್ಬರಿಗೆ ಇಲ್ಲದ ಭಯ. ಇಬ್ಬರೂ ಓದದೆ ಬಿಟ್ಟದ್ದು ಒಂದನ್ನೇ: ಹತ್ತರ ತಲೆಯ ಮೇಲಿರುವ ಪುಟ್ಟ ಅಂಕಿಯನ್ನು.

ಆ ಪುಟ್ಟ ಅಂಕಿಗೆ ಶಾಲೆಯ ಗಣಿತದಲ್ಲಿ ಘಾತಾಂಕ ಎನ್ನುತ್ತಾರೆ. ನಿಮ್ಮ ಹೈಸ್ಕೂಲಿನ ಮಕ್ಕಳಿಗೆ ಇದು ಗೊತ್ತಿರುತ್ತದೆ. ಅದು ಹೇಳುವುದು ಇಷ್ಟೆ: ದಶಮಾಂಶ ಚುಕ್ಕಿಯನ್ನು ಎಷ್ಟು ಮನೆ ಬಲಕ್ಕೆ ಸರಿಸಬೇಕು ಎಂದು. 10³ ಇದ್ದರೆ ಮೂರು ಮನೆ. ಅಂಕಿಗಳು ಸಾಲದಿದ್ದರೆ ಸೊನ್ನೆ ತುಂಬಬೇಕು. 96ರ ಮುಂದೆ ಚುಕ್ಕಿ ಇದೆ ಎಂದುಕೊಂಡು ಮೂರು ಮನೆ ಸರಿಸಿದರೆ 96,000. ಬಿಳಿ ರಕ್ತಕಣದ ಎದುರು 6.2 × 10³ ಎಂದಿದ್ದರೆ ಒಂದು ಮನೆ ಸರಿಸುವಾಗ 62 ಆಗುತ್ತದೆ, ಉಳಿದ ಎರಡು ಮನೆಗೆ ಎರಡು ಸೊನ್ನೆ, ಅಂದರೆ 6,200. ಇಲ್ಲಿ ಅನೇಕರು ತಪ್ಪುತ್ತಾರೆ. ಘಾತ ಮೂರು ಎಂದು 6.2ರ ಮುಂದೆ ಮೂರು ಸೊನ್ನೆ ಹಾಕಿ 62,000 ಮಾಡುತ್ತಾರೆ. ಎಣಿಸಬೇಕಾದದ್ದು ಸೊನ್ನೆಯನ್ನಲ್ಲ, ಚುಕ್ಕಿ ದಾಟುವ ಮನೆಗಳನ್ನು.

ಈಗ ಮೂರು ರಿಪೋರ್ಟ್‌ಗಳನ್ನು ಒಂದೇ ಅಳತೆಗೆ ತರೋಣ. ಮೊದಲನೆಯದರ cumm ಎಂದರೆ ಒಂದು ಘನ ಮಿಲಿಮೀಟರ್. ಎರಡನೆಯದರ µL ಎಂದರೆ ಒಂದು ಮೈಕ್ರೋಲೀಟರ್. ಇವೆರಡೂ ಒಂದೇ ಪ್ರಮಾಣದ ರಕ್ತ, ಹೆಸರು ಮಾತ್ರ ಬೇರೆ. ಆದ್ದರಿಂದ ಸೋಮವಾರದ್ದು 1,42,000, ಬುಧವಾರದ್ದು 96,000.

ಮೂರನೆಯದರಲ್ಲಿ ಲೆಕ್ಕ ಒಂದು ಲೀಟರ್ ರಕ್ತಕ್ಕೆ. ಒಂದು ಲೀಟರ್‌ನಲ್ಲಿ ಹತ್ತು ಲಕ್ಷ, ಅಂದರೆ 10⁶ ಮೈಕ್ರೋಲೀಟರ್ ಇವೆ. ಹಾಗಾಗಿ ಲೀಟರ್ ಲೆಕ್ಕದಿಂದ ಮೈಕ್ರೋಲೀಟರ್ ಲೆಕ್ಕಕ್ಕೆ ಇಳಿಯುವಾಗ ಘಾತದಿಂದ ಆರು ಕಳೆಯಬೇಕು. ಒಂಬತ್ತರಲ್ಲಿ ಆರು ಹೋದರೆ ಮೂರು. 88 × 10⁹/L ಎಂಬುದು 88 × 10³/µL ಆಯಿತು, ಅಂದರೆ 88,000. ಪ್ಲೇಟ್‌ಲೆಟ್‌ಗೆ ಈ ಎರಡು ಬರಹಗಳಲ್ಲಿ ಮುಂದಿನ ಅಂಕಿ ಬದಲಾಗುವುದೇ ಇಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಗಲ್ಫ್‌ನಲ್ಲಿ ಮಾಡಿಸಿದ ರಿಪೋರ್ಟ್‌ಗಳಲ್ಲೂ 10⁹/L ಎಂಬ ಬರಹ ನಿಮಗೆ ಕಾಣಸಿಗಬಹುದು.

ಹೀಗೆ ಒಂದೇ ಅಳತೆಗೆ ತಂದು ನೋಟ್‌ಬುಕ್‌ನಲ್ಲಿ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ:

ಸೋಮವಾರ: 1,42,000
ಬುಧವಾರ: 96,000
ಶುಕ್ರವಾರ: 88,000

ಪ್ಲೇಟ್‌ಲೆಟ್ ಏರಿಲ್ಲ, ಇಳಿದಿದೆ. ಆದರೆ 88ಕ್ಕೆ ಬಂದು ನಿಂತಿಲ್ಲ. ಸಾಮಾನ್ಯವಾಗಿ ಇರಬೇಕಾದದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಮೊದಲೆರಡು ದಿನ ವೇಗವಾಗಿ ಇಳಿದದ್ದು ನಂತರ ನಿಧಾನವಾಗಿದೆ ಎಂಬುದೂ ಈಗ ಕಾಣುತ್ತದೆ. ವೈದ್ಯರು ನೋಡುವುದು ಇದೇ ಏರಿಳಿತವನ್ನು. ಆದರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಒಂದೇ ಮಾನದಂಡವಲ್ಲ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ ಸಂಖ್ಯೆ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಬಗೆಯ ರಿಪೋರ್ಟ್ ಇದೆ. ಅದರಲ್ಲಿ ಪುಟ್ಟ ಅಂಕಿಯ ಬದಲು E ಎಂಬ ಅಕ್ಷರ ಬರುತ್ತದೆ. ಹೆಪಟೈಟಿಸ್ ಬಿ ಇರುವವರ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆಯಲ್ಲಿ ಇದನ್ನು ಕಾಣಬಹುದು. ಚಿಕಿತ್ಸೆಗೆ ಮುಂಚೆ 2.3E+04 IU/mL ಇತ್ತು, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡ ಮೇಲೆ 4.1E+02 IU/mL ಬಂತು ಎಂದುಕೊಳ್ಳಿ. ಮೇಲ್ನೋಟಕ್ಕೆ 2.3 ಇದ್ದದ್ದು 4.1 ಆಗಿದೆ. "ಇಷ್ಟು ದಿನ ಮಾತ್ರೆ ನುಂಗಿಯೂ ಹೆಚ್ಚಾಯಿತಲ್ಲ" ಎಂದು ಬೇಸತ್ತು ಮಾತ್ರೆ ಬಿಟ್ಟುಬಿಡುವ ಅಪಾಯ ಇಲ್ಲಿದೆ. ಹೆಪಟೈಟಿಸ್ ಬಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ವೈರಸ್ ಮತ್ತೆ ಏರಿ ಯಕೃತ್ತಿಗೆ ಗಂಭೀರ ಪೆಟ್ಟು ಬೀಳಬಹುದು.

E+04 ಎಂದರೆ "× 10⁴" ಎಂದೇ ಅರ್ಥ. ಚುಕ್ಕಿಯನ್ನು ನಾಲ್ಕು ಮನೆ ಬಲಕ್ಕೆ ಸರಿಸಿ: 23,000. E+02ಕ್ಕೆ ಎರಡು ಮನೆ: 410. ಇಪ್ಪತ್ತಮೂರು ಸಾವಿರದಿಂದ ನಾನೂರ ಹತ್ತಕ್ಕೆ ಇಳಿದಿದೆ. ಐವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಔಷಧಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದ್ದರಿಂದ ಎರಡು ರಿಪೋರ್ಟ್ ಹೋಲಿಸುವಾಗ ಮೊದಲು ಘಾತವನ್ನು ನೋಡಿ, ಆಮೇಲೆ ಮುಂದಿನ ಅಂಕಿಯನ್ನು. ಚುಕ್ಕಿಯ ಎಡಕ್ಕೆ ಒಂದೇ ಅಂಕಿ ಇರುವಂತೆ ಬರೆದ ಸಂಖ್ಯೆಗಳಲ್ಲಿ ಘಾತ ದೊಡ್ಡದಿರುವುದೇ ಯಾವಾಗಲೂ ದೊಡ್ಡದು. ಆದರೆ 96 × 10³ರಂತೆ ಬರೆದಲ್ಲಿ ಈ ಸುಲಭದ ದಾರಿ ನಡೆಯದು. ಅದನ್ನು ಮೊದಲು 9.6 × 10⁴ ಎಂದು ಮಾಡಿಕೊಳ್ಳಬೇಕು: ಚುಕ್ಕಿ ಒಂದು ಮನೆ ಎಡಕ್ಕೆ ಬಂದಿತು, ಅದಕ್ಕೆ ಸರಿಯಾಗಿ ಘಾತ ಒಂದು ಹೆಚ್ಚಿತು.

ಈಗ ಅತಿ ಸಣ್ಣ ಸಂಖ್ಯೆಗೆ ಬರೋಣ. ರಕ್ತದ ರಿಪೋರ್ಟ್‌ನಲ್ಲಿ MCH ಎಂಬ ಸಾಲು ಇರುತ್ತದೆ, ಅದರ ಎದುರು 27 pg ಎಂದಿರಬಹುದು. ಒಂದು ಕೆಂಪು ರಕ್ತಕಣದೊಳಗೆ ಸರಾಸರಿ ಎಷ್ಟು ಹಿಮೋಗ್ಲೋಬಿನ್ ಇದೆ ಎಂಬುದರ ತೂಕ ಅದು. pg ಎಂದರೆ ಪಿಕೋಗ್ರಾಂ, 10⁻¹² ಗ್ರಾಂ. ಘಾತದ ಮುಂದೆ ಕಳೆಯುವ ಗುರುತು ಇದ್ದರೆ ಚುಕ್ಕಿ ಎಡಕ್ಕೆ ಹೋಗಬೇಕು. 27ರಿಂದ ಹನ್ನೆರಡು ಮನೆ ಎಡಕ್ಕೆ ಹೋದರೆ 0.000000000027 ಗ್ರಾಂ. ಚುಕ್ಕಿಯ ನಂತರ ಒಟ್ಟು ಹನ್ನೆರಡು ಅಂಕಿ ಇವೆಯೇ ಎಂದು ಎಣಿಸಿ ನೋಡಿ, ಹತ್ತು ಸೊನ್ನೆ, ಎರಡು ಅಂಕಿ. ಇಷ್ಟು ಸೊನ್ನೆ ಬರೆಯುವಾಗ ಒಂದು ಬಿಟ್ಟುಹೋದರೂ ಬೆಲೆ ಹತ್ತು ಪಟ್ಟು ಬದಲಾಗುತ್ತದೆ. ಅದಕ್ಕೇ ಲ್ಯಾಬ್‌ನವರು ಸೊನ್ನೆಗಳನ್ನು ಬರೆಯದೆ pg ಎಂದು ಮುಗಿಸುತ್ತಾರೆ.

ಈ ಸಣ್ಣ ಸಂಖ್ಯೆಯಿಂದ ರಿಪೋರ್ಟ್ ಸರಿಯಾಗಿ ಓದಿದಿರೋ ಇಲ್ಲವೋ ಎಂದು ಪರೀಕ್ಷಿಸಲೂ ಬಹುದು. ಹಿಮೋಗ್ಲೋಬಿನ್ 13 g/dL, ಕೆಂಪು ರಕ್ತಕಣ 4.8 × 10¹²/L ಎಂದಿರಲಿ. ಒಂದು ಲೀಟರ್‌ನಲ್ಲಿ ಹತ್ತು ಡೆಸಿಲೀಟರ್, ಆದ್ದರಿಂದ ಒಂದು ಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 130 ಗ್ರಾಂ. ಅದನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಣದ ಪಾಲು ಸಿಗುತ್ತದೆ. 130ನ್ನು 4.8ರಿಂದ ಭಾಗಿಸಿದರೆ ಸುಮಾರು 27. ಕೆಳಗಿದ್ದ 10¹² ಮೇಲೆ ಬರುವಾಗ 10⁻¹² ಆಗುತ್ತದೆ. ಅಂದರೆ 27 × 10⁻¹² ಗ್ರಾಂ, 27 pg. ರಿಪೋರ್ಟ್‌ನಲ್ಲಿ ಇರುವುದಕ್ಕೆ ತಾಳೆಯಾಯಿತು. ಕೈಯಿಂದ ಟೈಪ್ ಮಾಡಿದ ರಿಪೋರ್ಟ್‌ನಲ್ಲಿ ಕೆಂಪು ರಕ್ತಕಣ 48 × 10¹² ಎಂದಿದ್ದರೆ ಉತ್ತರ 2.7 ಬರುತ್ತದೆ. ಚುಕ್ಕಿ ಬಿಟ್ಟುಹೋಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ.

ಕೊನೆಯದಾಗಿ, ಮೊಬೈಲ್ ಕಾಲದ ಒಂದು ತಪ್ಪು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ 10⁵ CFU/mL ಎಂದು ಬಂದಿದ್ದರೆ ಅದು ಒಂದು ಲಕ್ಷ. ಅದನ್ನು ನಕಲು ಮಾಡಿ ಮೆಸೇಜ್‌ಗೆ ಅಂಟಿಸಿದಾಗ ಪುಟ್ಟ ಅಂಕಿ ಕೆಳಗಿಳಿದು 105 ಆಗಿಬಿಡುತ್ತದೆ. ಒಂದು ಲಕ್ಷ ರೋಗಾಣು ನೂರ ಐದಾಯಿತು. ಗರ್ಭಿಣಿಯರಲ್ಲಿ ಉರಿಯಂಥ ಯಾವ ತೊಂದರೆ ಇಲ್ಲದಿದ್ದರೂ ಒಂದು ಲಕ್ಷ ಅಥವಾ ಹೆಚ್ಚು ರೋಗಾಣು ಇದ್ದರೆ ಚಿಕಿತ್ಸೆ ಕೊಡುತ್ತಾರೆ. ಹಾಗಿರುವಾಗ ಈ ತಪ್ಪು ಸಣ್ಣದಲ್ಲ. ಕಲ್ಚರ್ ರಿಪೋರ್ಟ್‌ನಲ್ಲಿ ರೋಗಾಣುವಿನ ಎಣಿಕೆ 103, 104, 105 ಎಂದು ಕಂಡರೆ ಅನುಮಾನಿಸಿ, ಮೂಲ ಕಾಗದ ನೋಡಿ.

ವೈದ್ಯರಿಗೆ ಕಳುಹಿಸುವಾಗ ಟೈಪ್ ಮಾಡುವ ಬದಲು ಇಡೀ ಪುಟದ ಫೋಟೋ ಕಳುಹಿಸುವುದು ಒಳ್ಳೆಯದು. ಟೈಪ್ ಮಾಡಲೇಬೇಕಾದರೆ 10^5 ಎಂದು ಬರೆಯಿರಿ, ಇಲ್ಲವೇ "ಒಂದು ಲಕ್ಷ" ಎಂದು ಅಕ್ಷರದಲ್ಲೇ ಬರೆಯಿರಿ. ಫೋನಿನಲ್ಲಿ ಹೇಳುವಾಗಲೂ "ಎಂಬತ್ತೆಂಟು" ಎನ್ನಬೇಡಿ, "ಎಂಬತ್ತೆಂಟು ಸಾವಿರ" ಎನ್ನಿ. ದಮ್ಮಾಮ್‌ನ ಮಗನಿಗೂ ಮನೆಯ ಮಾವನಿಗೂ ಆಗ ಒಂದೇ ಸುದ್ದಿ ತಲುಪುತ್ತದೆ.